ಹಾವು ಕಡಿತದ ವಿಡಿಯೊ: ಊರವರ ಬಾಯಲ್ಲಿ ಮಾತು ಸಹಜವಾಗಿ ಬರಬೇಕು, ಏನು ಮಾಡೋದು?

ಹಿಪ್ಪೆಮರ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಣ ಸೀಮೆ, ಕಡಲೆಕಾಯಿ ಬೆಳೆಯುವ ಊರು. ಈ ಸಲ ಕಾಯಿ ಕೀಳುವ ಮೊದಲೇ ಹಾವು ಕಡಿತದ ಬಗ್ಗೆ ಒಂದು ಚಿಕ್ಕ ವಿಡಿಯೊ ಮಾಡಬೇಕು ಅಂತ ನಮ್ಮ ಸಂಘದಲ್ಲಿ ತೀರ್ಮಾನ ಆಗಿದೆ. ಡೇರಿ ಹತ್ತಿರ ತೋರಿಸುತ್ತೇವೆ, ವಾಟ್ಸಾಪ್‌ನಲ್ಲೂ ಹಾಕುತ್ತೇವೆ. ನಟರು ಎಲ್ಲ ಊರವರೇ. ಫೋನಿನಲ್ಲೇ ಶೂಟಿಂಗ್.

ಕಥೆ ಇಷ್ಟೇ. ಹೊಲದಲ್ಲಿ ಒಬ್ಬ ಹುಡುಗನಿಗೆ ಪಾದದ ಹತ್ತಿರ ಹಾವು ಕಚ್ಚುತ್ತದೆ. ಜೊತೆಯಲ್ಲಿದ್ದವನು ಟವಲ್ ತೆಗೆದು ಕಾಲಿಗೆ ಬಿಗಿಯಾಗಿ ಕಟ್ಟಲು ಹೋಗುತ್ತಾನೆ. ಅಜ್ಜಿ ಬಂದು ತಡೆಯುತ್ತಾಳೆ. 108ಕ್ಕೆ ಫೋನ್ ಮಾಡಿಸುತ್ತಾಳೆ.

ತೊಂದರೆ ಅಜ್ಜಿಯದು. ಮಾಮೂಲಿ ದಿನ ಅವರು ಬಾಯಿ ತೆಗೆದರೆ ಇಡೀ ಬೀದಿ ನಿಂತು ಕೇಳುತ್ತದೆ. ಫೋನ್ ಎದುರು ನಿಲ್ಲಿಸಿದರೆ ಆಗಸ್ಟ್ 15ಕ್ಕೆ ಭಾಷಣ ಬಾಯಿಪಾಠ ಮಾಡಿಕೊಂಡು ಬಂದ ಹುಡುಗನ ಹಾಗೆ ಆಗುತ್ತಾರೆ. ನಾವು ಬರೆದುಕೊಟ್ಟ ಮಾತು ಇದು:

"ಹಾವು ಕಚ್ಚಿದ ಜಾಗದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬಾರದು, ಅದರಿಂದ ರಕ್ತ ಸಂಚಾರ ನಿಂತು ಕಾಲಿಗೆ ಅಪಾಯ ಆಗುತ್ತದೆ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು."

ಇದನ್ನು ಸಹಜವಾಗಿ ಹೇಳಿಸೋದು ಹೇಗೆ? ಕಟ್ಟುವ ಹುಡುಗನೂ ಮಾತಿಗೊಮ್ಮೆ ಕ್ಯಾಮೆರಾ ಕಡೆ ನೋಡುತ್ತಾನೆ. ಅನುಭವ ಇರುವವರು ದಯವಿಟ್ಟು ಹೇಳಿ.

ನಾಟಕದ ಮೇಷ್ಟ್ರು

ಇದು ಬಹಳ ಸುಲಭ. ನೀವೇ ಮೊದಲು ಆ ಮಾತನ್ನು ಭಾವ ತುಂಬಿ ಹೇಳಿ ತೋರಿಸಿ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಅವರು ನಿಮ್ಮನ್ನು ನೋಡಿ ಕಲಿಯುತ್ತಾರೆ. ನಾನು ಶಾಲಾ ನಾಟಕಗಳನ್ನೆಲ್ಲ ಹೀಗೇ ಮಾಡಿಸಿದ್ದು. ಒಂದು ವಾರ ಸಂಜೆ ತಾಲೀಮು ಇಡಿ. ಬಾಯಿಪಾಠ ಗಟ್ಟಿಯಾದರೆ ಹೆದರಿಕೆ ತಾನಾಗಿ ಹೋಗುತ್ತದೆ.

ಬೆಂಗ್ಳೂರ್ ಎಡಿಟರ್

ಬ್ರೋ, ಆಕ್ಟರ್ಸ್ ಬೇಕಿದ್ದರೆ ಹೇಳಿ, ನನಗೆ ಗೊತ್ತಿರುವ ಇಬ್ಬರು ಇದ್ದಾರೆ, ಊಟ ಮತ್ತೆ ಬಸ್ ಚಾರ್ಜ್ ಕೊಟ್ಟರೆ ಬರುತ್ತಾರೆ. ಇಲ್ಲಾಂದ್ರೆ ಊರವರದ್ದು ವಿಡಿಯೊ ಮಾತ್ರ ತೆಗೆದು, ಇಲ್ಲಿ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡಿಸಿಬಿಡೋಣ. ಕ್ಲೀನ್ ಆಡಿಯೊ ಸಿಗುತ್ತದೆ.

ಹಿಪ್ಪೆಮರ

ಅಣ್ಣ, ಹೊರಗಿನ ನಟರು ಬೇಡ ಅಂತಲೇ ಊರವರನ್ನು ಹಾಕಿರುವುದು. ನಮ್ಮೂರ ಅಜ್ಜಿ ಹೇಳಿದರೆ ನಾಲ್ಕು ಜನ ನಂಬುತ್ತಾರೆ. ಅವರ ಮುಖಕ್ಕೆ ಬೇರೆಯವರ ದನಿ ಹಾಕಿದರೆ ಡೇರಿ ಹತ್ತಿರ ನಗು ಶುರುವಾಗುತ್ತದೆ ಅಷ್ಟೇ.

ರಂಗದ ಹಿಂದೆ

ನಾನು ಹಳ್ಳಿಗಳಲ್ಲಿ ಇಂಥ ವಿಡಿಯೊ ಮಾಡಿಸುವ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲನೆಯದು, ತೊಂದರೆ ಅಜ್ಜಿಯದಲ್ಲ, ನೀವು ಬರೆದ ವಾಕ್ಯದ್ದು. ಅದರಲ್ಲಿ ಮೂರು ಮಾತು ಇದೆ: ಕಟ್ಟಬಾರದು, ಯಾಕೆ ಕಟ್ಟಬಾರದು, ಆಸ್ಪತ್ರೆಗೆ ಹೋಗಬೇಕು. ಮೂರನ್ನೂ ಒಂದೇ ಉಸಿರಿನಲ್ಲಿ ಯಾರೂ ಹೇಳುವುದಿಲ್ಲ. ಹೊಲದಲ್ಲಿ ಮೊಮ್ಮಗನಿಗೆ ಹಾವು ಕಚ್ಚಿದಾಗ "ರಕ್ತ ಸಂಚಾರ" ಅನ್ನುವ ಅಜ್ಜಿ ಯಾವ ಊರಲ್ಲಿದ್ದಾರೆ ಹೇಳಿ? ಅವರ ನಾಲಿಗೆಗೆ ಅಭ್ಯಾಸ ಇಲ್ಲದ ಮಾತು ಕೊಟ್ಟರೆ ನೆನಪಿಟ್ಟುಕೊಳ್ಳುವುದೇ ಕೆಲಸ ಆಗುತ್ತದೆ. ಎದುರಿಗೆ ಇರುವ ಹುಡುಗ ಕಾಣುವುದೇ ಇಲ್ಲ, ಕಣ್ಣು ಮೇಲೆ ಹೋಗುತ್ತದೆ. ಕಣ್ಣು ಮೇಲೆ ಹೋಯಿತು ಅಂದರೆ ಮಾತು ಹುಡುಕುತ್ತಿದ್ದಾರೆ ಅಂತಲೇ ಅರ್ಥ.

ಹಾಗಾಗಿ ಕಾಗದ ಎತ್ತಿಡಿ. ಸನ್ನಿವೇಶ ಮಾತ್ರ ಹೇಳಿ. "ಅಜ್ಜಿ, ಇವನು ನಿಮ್ಮ ಮೊಮ್ಮಗ ಅಂದ್ಕೊಳ್ಳಿ. ಆ ಹುಡುಗ ಟವಲ್ ಕಟ್ಟೋಕೆ ಬರ್ತಾನೆ. ನೀವು ಕಟ್ಟೋಕೆ ಬಿಡ್ಬೇಡಿ." ಅಷ್ಟೇ. ಕ್ಯಾಮೆರಾ ಇಲ್ಲದೆ ಜಗಲಿ ಮೇಲೆ ಕೂತು ಒಂದೆರಡು ಸಲ ಆಡಿಸಿ. ಅವರ ಬಾಯಲ್ಲಿ ಏನು ಬಂತೋ ಅದನ್ನು ನೀವು ಬರೆದುಕೊಳ್ಳಿ. ಸ್ಕ್ರಿಪ್ಟ್ ಅಲ್ಲಿಂದ ಹುಟ್ಟಲಿ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಮಾತಿನಲ್ಲಿ ಬೇಡ ಅನ್ನುವುದು ಕೊನೆಗೆ ಬರುತ್ತದೆ. ಕಟ್ಟ-ಬೇಡಿ. ಕುಯ್ಯ-ಬೇಡಿ. ಅಭ್ಯಾಸ ಇಲ್ಲದವರು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದಿರುತ್ತದೆ, ದನಿ ಕೆಳಗೆ ಬೀಳುತ್ತದೆ. ಮೇಲಿಂದ ಹೊಲದ ಗಾಳಿ ಬೇರೆ. ಫೋನಿನ ಸ್ಪೀಕರ್‌ನಲ್ಲಿ ಕೇಳುವುದು "ಹಗ್ಗ ಕಟ್ಟ..." ಅಂತ ಮಾತ್ರ. ಆರೋಗ್ಯದ ವಿಡಿಯೊದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ನೋಡಿದವನು ತಿರುಗಾ ಕಟ್ಟುತ್ತಾನೆ.

ಇದಕ್ಕೆ "ಜೋರಾಗಿ ಹೇಳಿ" ಅಂದರೆ ಉಪಯೋಗ ಇಲ್ಲ. ಇಡೀ ವಾಕ್ಯವೇ ಜೋರಾಗುತ್ತದೆ, ಕೊನೆ ಹಾಗೇ ಬೀಳುತ್ತದೆ. ಬೇಡ ಅನ್ನುವುದನ್ನು ಮುಂದಕ್ಕೆ ತನ್ನಿ. "ಬ್ಯಾಡ, ಬ್ಯಾಡ! ಟವಲ್ ಬ್ಯಾಡ!" ಅದೇ ಹೊತ್ತಿಗೆ ಕೈಗೂ ಕೆಲಸ ಕೊಡಿ. ಮೊದಲ "ಬ್ಯಾಡ"ಕ್ಕೆ ಅಜ್ಜಿ ಟವಲ್ ಹಿಡಿಯಬೇಕು, ಕೊನೆಯ "ಬ್ಯಾಡ"ಕ್ಕೆ ಕಿತ್ತುಕೊಳ್ಳಬೇಕು. ಕೈ ಎಳೆದಾಗ ದನಿ ತಾನಾಗಿ ಮೇಲೆ ಹೋಗುತ್ತದೆ. ಆಡಿಯೊ ಹಾಳಾದರೂ ಕಣ್ಣಿಗೆ ಕಾಣುತ್ತದೆ: ಟವಲ್ ಕಿತ್ತುಕೊಂಡರು.

ನಾಟಕದ ಮೇಷ್ಟ್ರು

ಸನ್ನಿವೇಶ ಹೇಳಿ ಬಿಟ್ಟುಬಿಟ್ಟರೆ ಅವರು ಬಾಯಿಗೆ ಬಂದದ್ದು ಹೇಳುತ್ತಾರೆ. ಇದು ಆರೋಗ್ಯದ ವಿಷಯ. ತಪ್ಪು ಮಾಹಿತಿ ಹೋದರೆ ಹೊಣೆ ಯಾರು? ಅದಕ್ಕೇ ಬಾಯಿಪಾಠ ಅಂದಿದ್ದು.

ಸಿಸ್ಟರ್, ಹಾವೇರಿ ಕಡೆ

ಮೇಷ್ಟ್ರು ಹೇಳುವುದರಲ್ಲಿ ನಿಜ ಇದೆ. ನಾನು ನರ್ಸ್. ನಮ್ಮ ಕಡೆ ಇಂಥದ್ದೇ ಒಂದು ಕಿರುನಾಟಕದಲ್ಲಿ ಆಡಿದವನು ತನ್ನದೇ ಮಾತಿನಲ್ಲಿ "ಬಾಳ ಬಿಗಿ ಕಟ್ಟಬ್ಯಾಡ್ರಿ" ಅಂದುಬಿಟ್ಟ. ಕೇಳಿದವರಿಗೆ ಏನು ಅರ್ಥ ಆಗಬೇಕು? ಸಡಿಲವಾಗಿ ಕಟ್ಟಬಹುದು ಅಂತ. ಬಿಗಿಯೂ ಬೇಡ, ಸಡಿಲವೂ ಬೇಡ, ಕಟ್ಟುವುದೇ ಬೇಡ. ಹಿಪ್ಪೆಮರ ಅವರೇ, ನಿಮ್ಮ ಸ್ಕ್ರಿಪ್ಟಿನಲ್ಲೂ "ಬಿಗಿಯಾಗಿ" ಅನ್ನುವುದು ಇದೆ, ತೆಗೆದುಬಿಡಿ.

ಇನ್ನೊಂದು. ಆಗಲೇ ಯಾರೋ ಕಟ್ಟಿಬಿಟ್ಟಿದ್ದರೆ ಅದನ್ನು ಹೊಲದಲ್ಲೇ ಪಟ್ಟನೆ ಬಿಚ್ಚಬಾರದು. ಆಸ್ಪತ್ರೆಯಲ್ಲಿ ಡಾಕ್ಟರ್ ಎದುರಿಗೇ ಬಿಚ್ಚಬೇಕು. ನಿಮ್ಮ ಅಜ್ಜಿ ಕಟ್ಟಿದ ಮೇಲೆ ಬಂದು ಬಿಚ್ಚಿ ಎಸೆಯುವ ಹಾಗೆ ತೋರಿಸಬೇಡಿ. ಗಂಟು ಬೀಳುವ ಮೊದಲೇ ಅಜ್ಜಿ ಬರಬೇಕು.

ರಂಗದ ಹಿಂದೆ

ಸಿಸ್ಟರ್, ಬಹಳ ಒಳ್ಳೆಯ ಮಾತು. ಇದಕ್ಕೆ ನಾನು ಮಾಡುವುದು ಹೀಗೆ. ಮಾತುಗಳನ್ನು ಎರಡು ಪಾಲು ಮಾಡಿಕೊಳ್ಳುತ್ತೇನೆ. ಒಂದಿಷ್ಟು ಗಟ್ಟಿ ಮಾತು, ಅದರಲ್ಲಿ ಒಂದಕ್ಷರ ಆಚೀಚೆ ಆಗುವ ಹಾಗಿಲ್ಲ. ಉಳಿದದ್ದೆಲ್ಲ ಬಿಡಿ ಮಾತು, ಬಾಯಿಗೆ ಬಂದ ಹಾಗೆ. ಬೈಗುಳ, ಗಾಬರಿ, ದೇವರನ್ನು ಕರೆಯುವುದು, ಹೆಸರು ಹಿಡಿದು ಕೂಗುವುದು ಎಲ್ಲ ಬಿಡಿ.

ಗಟ್ಟಿ ಮಾತು ಒಬ್ಬರಿಗೆ ಎರಡು ಮೂರಕ್ಕಿಂತ ಜಾಸ್ತಿ ಬೇಡ. ಒಂದೊಂದೂ ನಾಲ್ಕೈದು ಪದದ ಒಳಗೆ. ಒಂದು ಶಾಟ್‌ಗೆ ಒಂದೇ. ಅಷ್ಟು ಚಿಕ್ಕದಾದರೆ ಬಾಯಿಪಾಠವೇ ಬೇಕಾಗುವುದಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಹಿಂದಿನಿಂದ ಹೇಳಿಕೊಡಬಹುದು. ಅವರು ಒಂದು ಕ್ಷಣ ಬಿಟ್ಟು ಹೇಳಲಿ, ನಿಮ್ಮ ದನಿಯನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿದರಾಯಿತು.

ಹಾಗೆ ಹೇಳಿಕೊಡುವಾಗ ಮೇಷ್ಟ್ರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿ. ಭಾವ ತುಂಬಬೇಡಿ. ರೇಷನ್ ಅಂಗಡಿಯ ಚೀಟಿ ಓದುವವರಂತೆ ಸಪ್ಪೆಯಾಗಿ ಹೇಳಿ. ನೀವು ರಾಗ ಎಳೆದು ತೋರಿಸಿದರೆ ಅವರು ಅರ್ಥ ಬಿಟ್ಟು ನಿಮ್ಮ ರಾಗವನ್ನೇ ಹಿಡಿಯುತ್ತಾರೆ. ಇಡೀ ಊರು ಒಬ್ಬನೇ ಡೈರೆಕ್ಟರ್ ಹಾಗೆ ಮಾತಾಡುವ ವಿಡಿಯೊಗಳನ್ನು ನೋಡಿದ್ದೀರಲ್ಲ, ಅದು ಹೀಗೇ ಆಗಿದ್ದು.

ನಾಟಕದ ಮೇಷ್ಟ್ರು

ಮಕ್ಕಳಿಗೆ ನನ್ನ ಪದ್ಧತಿಯೇ ಸರಿ ಅಂತ ಈಗಲೂ ನನ್ನ ಅಭಿಪ್ರಾಯ. ದೊಡ್ಡವರ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪಬಹುದೇನೋ. ಆದರೆ ತಾಲೀಮೇ ಬೇಡ ಅಂದರೆ ಒಪ್ಪುವುದಿಲ್ಲ.

ರಂಗದ ಹಿಂದೆ

ತಾಲೀಮು ಬೇಕು ಸರ್, ಮಾತಿನದ್ದಲ್ಲ, ನಡೆಯುವುದರದ್ದು. ಅಜ್ಜಿ ಯಾವ ಬದುವಿನ ಕಡೆಯಿಂದ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಟವಲ್ ಯಾವ ಕೈಯಲ್ಲಿ ಹಿಡಿಯುತ್ತಾರೆ. ಇದನ್ನು ಎಷ್ಟು ಸಲ ಬೇಕಾದರೂ ಮಾಡಿಸಿ. ಮಾತನ್ನು ಮಾತ್ರ ಹಳಸಲು ಬಿಡಬೇಡಿ. ಕಲಿತ ನಟ ಇಪ್ಪತ್ತನೇ ಸಲವೂ ಮೊದಲ ಸಲದ ಹಾಗೆ ಹೇಳಬಲ್ಲ. ಊರವರದ್ದು ಮೊದಲ ಎರಡು ಮೂರು ಸಲದಲ್ಲೇ ಚೆನ್ನಾಗಿ ಬರುತ್ತದೆ, ಆಮೇಲೆ ಸಪ್ಪೆ. ಸರಿ ಬರಲಿಲ್ಲ ಅಂದರೆ ಅದನ್ನೇ ಮತ್ತೆ ಮಾಡಿಸುವ ಬದಲು ಕ್ಯಾಮೆರಾ ಜಾಗ ಬದಲಿಸಿ, ಇಲ್ಲ ಕೈಯ ಕೆಲಸ ಬದಲಿಸಿ. ಅವರಿಗೆ ಅದು ಹೊಸ ಸಂಗತಿ ಅನಿಸಬೇಕು.

ಹಿಪ್ಪೆಮರ

ರಂಗದ ಹಿಂದೆ ಅವರೇ, ಜಗಲಿ ಮೇಲೆ ಕೂರಿಸಿ ಆಡಿಸಿದೆವು. ನಿಜಕ್ಕೂ ಬೇರೆಯೇ ಆಯಿತು! ಅಜ್ಜಿ ಬಾಯಲ್ಲಿ ಬಂದದ್ದು ಹೀಗಿದೆ, ನಾನು ಬರೆದುಕೊಂಡಂತೆ:

ಅಜ್ಜಿ: ಏ ಬ್ಯಾಡ ಕಣ್ಲಾ, ಬ್ಯಾಡ! ಟವಲ್ ಬ್ಯಾಡ!

ಹುಡುಗ: ವಿಸ ಮ್ಯಾಕ್ಕೆ ಏರ್ತದೆ ಕಣಜ್ಜಿ!

ಅಜ್ಜಿ: ಕಟ್ಟುದ್ರೆ ಕಾಲೇ ಹೋಯ್ತದೆ. ಬಿಡತ್ಲಾಗೆ.

ಅಜ್ಜಿ, ಕಚ್ಚಿಸಿಕೊಂಡವನಿಗೆ: ನೀನು ಹೆದರ್ಕಬ್ಯಾಡ. ಕಾಲು ಅಲ್ಲಾಡುಸ್ಬ್ಯಾಡ.

ಅಜ್ಜಿ: ನೂರಾ ಎಂಟುಕ್ಕೆ ಫೋನ್ ಮಾಡ್ಲಾ ಮೊದ್ಲು.

ಇದರಲ್ಲಿ ಯಾವುದು ಗಟ್ಟಿ, ಯಾವುದು ಬಿಡಿ? ಮತ್ತೆ ಹುಡುಗ ಈಗಲೂ ಕ್ಯಾಮೆರಾ ನೋಡುತ್ತಾನೆ.

ರಂಗದ ಹಿಂದೆ

ಬಹಳ ಚೆನ್ನಾಗಿದೆ. ನಿಮ್ಮ ರಕ್ತ ಸಂಚಾರಕ್ಕಿಂತ "ಕಾಲೇ ಹೋಯ್ತದೆ" ಎಷ್ಟೋ ಪಾಲು ಮೇಲು.

ಗಟ್ಟಿ ಮಾತು ಮೂರು. "ಟವಲ್ ಬ್ಯಾಡ", "ಕಟ್ಟುದ್ರೆ ಕಾಲೇ ಹೋಯ್ತದೆ", "ನೂರಾ ಎಂಟುಕ್ಕೆ ಫೋನ್ ಮಾಡ್ಲಾ". ಉಳಿದದ್ದು ಬಿಡಿ.

"ಹೆದರ್ಕಬ್ಯಾಡ, ಅಲ್ಲಾಡುಸ್ಬ್ಯಾಡ" ಎರಡರಲ್ಲೂ ಬೇಡ ಕೊನೆಗೇ ಇದೆ, ಅದೂ ಹಿಂದಿನ ಪದಕ್ಕೆ ಅಂಟಿಕೊಂಡು. ಅದನ್ನು ತಿರುಗಿಸಿ. ಏನು ಮಾಡಬಾರದು ಅನ್ನುವ ಬದಲು ಏನು ಮಾಡಬೇಕು ಅಂತ ಹೇಳಿಸಿ. "ಕಾಲು ಹಂಗೇ ಇರ್ಲಿ." ಇಲ್ಲಿ ಕೊನೆ ಬಿದ್ದರೂ ಅರ್ಥ ಕೆಡುವುದಿಲ್ಲ. ಹೆದರಬೇಡ ಅನ್ನುವುದಕ್ಕೆ "ನಾನಿಲ್ವೇನ್ಲಾ, ಆಸ್ಪತ್ರೇಲಿ ಔಷ್ದಿ ಐತೆ." ಇದನ್ನು ಅಜ್ಜಿಯನ್ನೇ ಕೇಳಿ ಸರಿ ಮಾಡಿಕೊಳ್ಳಿ, ನನ್ನ ಮಾತು ಅವರ ಬಾಯಿಗೆ ಹೊಂದದೆ ಇರಬಹುದು.

ಅಜ್ಜಿಗೆ ಸೂಚನೆ ಕೊಡುವಾಗ "ಗಾಬರಿಯಿಂದ ಹೇಳಿ", "ಪ್ರೀತಿಯಿಂದ ಹೇಳಿ" ಅನ್ನಬೇಡಿ. ಗಾಬರಿ ತೋರಿಸಿ ಅಂದರೆ ಎಲ್ಲರೂ ಕಣ್ಣು ದೊಡ್ಡದು ಮಾಡುತ್ತಾರೆ. ಏನು ಮಾಡಬೇಕು ಅಂತ ಹೇಳಿ. ಮೊದಲ ಮಾತಿಗೆ, "ಅವನ ಕೈಯಿಂದ ಟವಲ್ ಬಿಡಿಸ್ಕೊಳ್ಳಿ". ಎರಡನೆಯದಕ್ಕೆ, "ಇವನು ಮೊಂಡ, ಒಪ್ಪಿಸಿ, ಮುಖ ನೋಡ್ಕೊಂಡೇ ಹೇಳಿ". ಕಚ್ಚಿಸಿಕೊಂಡವನ ಜೊತೆ ಮಾತಾಡುವಾಗ, "ಇವನಿಗೆ ಮಾತ್ರ ಕೇಳಿಸಲಿ". ಈ ಕೊನೆಯದನ್ನು ಹೇಳಿದ ಕೂಡಲೇ ಅಜ್ಜಿ ತಾವಾಗೇ ಬಗ್ಗುತ್ತಾರೆ, ದನಿ ಇಳಿಯುತ್ತದೆ, ಕೈ ಹುಡುಗನ ಭುಜದ ಮೇಲೆ ಹೋಗುತ್ತದೆ. ನೀವು ಬೇರೇನೂ ಹೇಳಬೇಕಾಗಿಲ್ಲ.

ಫೋನ್ ಮಾಡು ಅನ್ನುವ ಮಾತಿಗೆ ಫೋನ್ ಇರುವವನು ಸ್ವಲ್ಪ ದೂರ ಇರಲಿ, ನಾಲ್ಕು ಸಾಲು ಆಚೆ. ದೂರದವನನ್ನು ಕೂಗುವಾಗ ಮಾತಿನ ಕೊನೆಯನ್ನು ಯಾರೂ ನುಂಗುವುದಿಲ್ಲ.

ಕ್ಯಾಮೆರಾ ನೋಡುವ ಹುಡುಗನಿಗೆ "ನೋಡ್ಬೇಡ" ಅಂದಷ್ಟೂ ನೋಡುತ್ತಾನೆ. ಅವನ ಕಣ್ಣಿಗೆ ಕೆಲಸ ಕೊಡಿ. ಕಚ್ಚಿದ ಜಾಗದಲ್ಲಿ ಎರಡು ಗುರುತು ಇದೆಯಾ, ಒಂದಾ, ಎಣಿಸಿ ಹೇಳು ಅನ್ನಿ. ಕುಂಕುಮ ನೀರಲ್ಲಿ ಕಲಸಿ ಚಿಕ್ಕ ಚುಕ್ಕಿ ಇಟ್ಟಿರಿ, ಅವನು ನಿಜವಾಗಿ ಹುಡುಕಬೇಕು. ಫೋನಿನ ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ, ಸ್ಕ್ರೀನ್ ಅವನಿಗೆ ಕಾಣದಂತೆ. ತನ್ನ ಮುಖ ತನಗೇ ಕಂಡರೆ ಮುಗಿಯಿತು, ಕೂದಲು ಸರಿ ಮಾಡಿಕೊಳ್ಳಲು ಶುರು ಮಾಡುತ್ತಾನೆ. ಮತ್ತೆ ಸುತ್ತ ನಿಂತು ನಗುವ ಸ್ನೇಹಿತರನ್ನು ಟೀ ಕುಡಿಯಲು ಕಳಿಸಿ. ಅರ್ಧ ಸಲ ಅವನು ನೋಡುತ್ತಿರುವುದು ಕ್ಯಾಮೆರಾವನ್ನಲ್ಲ, ಅವರನ್ನ.

"ಆ್ಯಕ್ಷನ್" ಅಂತ ಕೂಗಬೇಡಿ. ಮೊದಲೇ ರೆಕಾರ್ಡ್ ಒತ್ತಿಟ್ಟು, ಸುಮ್ನೆ "ಹ್ಞೂಂ, ಕಾಯಿ ಕೀಳಿ" ಅನ್ನಿ. ಕೀಳುತ್ತಾ ಮಾತು ಬರಲಿ. ಮುಗಿದ ಮೇಲೂ ಹತ್ತು ಸೆಕೆಂಡ್ ನಿಲ್ಲಿಸಬೇಡಿ. ಆಯ್ತು ಅಂದುಕೊಂಡು ಅವರು ಒಬ್ಬರನ್ನೊಬ್ಬರು ನೋಡುವ ನೋಟ ಇದೆಯಲ್ಲ, ಅದು ಎಷ್ಟೋ ಸಲ ಇಡೀ ಶಾಟ್‌ಗಿಂತ ಚೆನ್ನಾಗಿರುತ್ತದೆ.

ಕಡಲತೀರದ ಹುಡುಗಿ

ನಮ್ಮದು ಉಲ್ಟಾ ಸಮಸ್ಯೆ. ಕುಂದಾಪುರ ಕಡೆ ನಾವು ಕಸ ಬೇರೆ ಮಾಡುವ ಬಗ್ಗೆ ವಿಡಿಯೊ ಮಾಡಿದಾಗ ಹವ್ಯಾಸಿ ಯಕ್ಷಗಾನ ವೇಷಧಾರಿ ಒಬ್ಬರನ್ನು ಹಾಕಿದ್ದೆವು. ಹಸಿ ಕಸ ಒಣ ಕಸ ಅನ್ನುವುದನ್ನು ಅವರು ಯುದ್ಧಕ್ಕೆ ಕರೆದ ಹಾಗೆ ಹೇಳುತ್ತಿದ್ದರು. ಒಳ್ಳೆಯ ಕಲಾವಿದರು, ಸಣ್ಣದು ಮಾಡಿ ಅಂದರೆ ಬೇಜಾರು ಮಾಡಿಕೊಂಡರು. ಇಂಥವರಿಗೆ ಏನು ಹೇಳೋದು?

ರಂಗದ ಹಿಂದೆ

ಸಣ್ಣದು ಮಾಡಿ ಅಂದರೆ ಅವರ ವಿದ್ಯೆಯನ್ನೇ ಬೇಡ ಅಂದ ಹಾಗಾಗುತ್ತದೆ. ಅವರು ಕಲಿತದ್ದು ಕೊನೆಯ ಸಾಲಿನವರಿಗೂ ಮುಟ್ಟಿಸಲು. ಕೊನೆಯ ಸಾಲನ್ನು ಹತ್ತಿರ ತನ್ನಿ. "ನೋಡುವವರು ಈ ಫೋನಿನ ಒಳಗೇ, ಒಂದು ಮೊಳ ದೂರದಲ್ಲಿ ಕೂತಿದ್ದಾರೆ" ಅನ್ನಿ. ಇಲ್ಲ, "ಪಕ್ಕದ ಕೋಣೆಯಲ್ಲಿ ಈಗಷ್ಟೇ ಮಗು ಮಲಗಿದೆ" ಅನ್ನಿ. ದನಿ ಇಳಿಯುತ್ತದೆ, ಸ್ಪಷ್ಟತೆ ಹೋಗುವುದಿಲ್ಲ. ಅದು ಅವರಿಗೇ ಬರುವ ವಿದ್ಯೆ. ಕೈ ಬೀಸುವ ಅಭ್ಯಾಸ ಇದ್ದರೆ ಎರಡೂ ಕೈಗೆ ಬಕೆಟ್ ಕೊಟ್ಟುಬಿಡಿ.

ಬೆಂಗ್ಳೂರ್ ಎಡಿಟರ್

ನನ್ನ ಡಬ್ಬಿಂಗ್ ಐಡಿಯಾ ಬಿಟ್ಟೆ. ಆದರೆ ಸೌಂಡ್ ಬಗ್ಗೆ ಯಾರೂ ಹೇಳಲಿಲ್ಲ. ಫೋನನ್ನು ಹತ್ತು ಅಡಿ ದೂರ ಇಟ್ಟು ಅಜ್ಜಿ "ಇವನಿಗೆ ಮಾತ್ರ ಕೇಳಿಸುವ ಹಾಗೆ" ಮಾತಾಡಿದರೆ ಎಡಿಟಿಂಗ್‌ನಲ್ಲಿ ನನಗೆ ಸಿಗುವುದು ಗಾಳಿ ಮಾತ್ರ. ವೈರ್ ಇರುವ ಕಾಲರ್ ಮೈಕ್ ಸಾಕು, ದುಬಾರಿ ಏನಲ್ಲ. ಇಲ್ಲಾಂದ್ರೆ ಇನ್ನೊಂದು ಫೋನ್‌ನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಕಡಲೆಗಿಡದ ಗುಡ್ಡೆಯೊಳಗೆ, ಅವರ ಹತ್ತಿರ ಬಚ್ಚಿಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡನ್ನೂ ನಾನು ಕೂಡಿಸುತ್ತೇನೆ. ಮೈಕನ್ನು ಸೆರಗಿನ ಮಡಿಕೆ ಒಳಗೆ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದು ಬರುತ್ತದೆ, ರವಿಕೆ ಅಂಚಿಗೆ ಹಾಕಿ.

ಇನ್ನೊಂದು, ಇಬ್ಬರೂ ಒಟ್ಟಿಗೆ ಮಾತಾಡಿದರೆ ಕತ್ತರಿಸಲು ಆಗುವುದಿಲ್ಲ. ಗಟ್ಟಿ ಮಾತು ಬರುವಾಗಲಾದರೂ ಬೇರೆಯವರ ಬಾಯಿ ಮುಚ್ಚಿರಲಿ.

ರಂಗದ ಹಿಂದೆ

ಇದು ಸರಿಯಾದ ಮಾತು. ನನ್ನ ಸೂಚನೆ: "ಅಜ್ಜಿ ಹೇಳಿ ಮುಗಿಸಿ ಉಸಿರು ತಗೊಂಡ ಮೇಲೆ ನೀನು". ಒಂದು ಎರಡು ಅಂತ ಎಣಿಸು ಅಂದರೆ ಎಣಿಸುವುದು ಮುಖದ ಮೇಲೆ ಕಾಣುತ್ತದೆ.

ಸಿಸ್ಟರ್, ಹಾವೇರಿ ಕಡೆ

ಕಚ್ಚಿಸಿಕೊಳ್ಳುವ ಹುಡುಗನ ಬಗ್ಗೆ ಒಂದು ಮಾತು. ಇಂಥ ವಿಡಿಯೊಗಳಲ್ಲೆಲ್ಲ ಅವನು ಕಿರುಚಿ, ಬಿದ್ದು, ಬಾಯಲ್ಲಿ ನೊರೆ ಬರಿಸುತ್ತಾನೆ. ಸಿನಿಮಾ ನೋಡಿ ಕಲಿತದ್ದು. ಹೊಲದಲ್ಲಿ ಕೊಳಕು ಮಂಡಲ ಕಚ್ಚಿದರೆ ನೋವು, ಬಾವು ನಿಜವೇ. ಆದರೆ ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಅನ್ನುತ್ತಾರೆ, ಆಮೇಲೆ ರೆಪ್ಪೆ ಇಳಿಬೀಳುತ್ತದೆ, ನುಂಗಲು ಆಗುವುದಿಲ್ಲ. ಹುಡುಗ ಕಿರುಚಾಡಿದರೆ ನೋಡುವವರು ಕಲಿಯುವುದು "ನೋವಿಲ್ಲಾಂದ್ರೆ ವಿಷ ಇಲ್ಲ" ಅಂತ. ಅದೇ ಜೀವ ತೆಗೆಯುತ್ತದೆ.

ಹಾಗಾಗಿ ಅವನಿಗೆ ಕಡಿಮೆ ಆಡಲು ಹೇಳಿ. ಆಗುತ್ತದಾ?

ರಂಗದ ಹಿಂದೆ

ಆಗುತ್ತದೆ, ಅವನಿಗೂ ಅದೇ ಸುಲಭ. ನೋವು ಆಡುವುದು ಕಷ್ಟ, ಅಡಗಿಸುವುದು ಸುಲಭ. "ಅಜ್ಜಿ ಹೆದರ್ಕೋತಾರೆ, ಏನೂ ಆಗಿಲ್ಲ ಅನ್ನೋ ಹಾಗೆ ಇರು" ಅನ್ನಿ. ಹಲ್ಲು ಕಚ್ಚಿ ಕೂರುತ್ತಾನೆ, ಅದು ನಿಜದ ಹಾಗೇ ಕಾಣುತ್ತದೆ. ಅವನ ಮಾತೂ ಒಂದೇ ಇರಲಿ: "ಏನೋ ಚುಚ್ತು ಕಣಜ್ಜಿ."

ಅವನ ಪಾದದ ಹತ್ತಿರ ಕಪ್ಪು ದಾರ ಕಟ್ಟಿದ್ದಾನಾ? ಈಗಿನ ಹುಡುಗರೆಲ್ಲ ಕಟ್ಟುತ್ತಾರಲ್ಲ. ಬಾವು ಬಂದರೆ ಅದು ಬಿಗಿಯುತ್ತದೆ. ಟವಲ್ ಕಿತ್ತುಕೊಂಡ ಅಜ್ಜಿ ಅದೇ ಹುಡುಗನಿಗೆ "ಕಾಲ್ ದಾರ ಬಿಚ್ಚು" ಅನ್ನಲಿ. ಕಟ್ಟಲು ಬಂದ ಕೈಯೇ ಬಿಚ್ಚುತ್ತದೆ. ಅವನು ಪೆದ್ದನಾಗಿ ಉಳಿಯುವುದಿಲ್ಲ, ಉಪಯೋಗಕ್ಕೆ ಬಂದವನಾಗುತ್ತಾನೆ. ಇದು ಮುಖ್ಯ. ತಪ್ಪು ಮಾಡುವ ಪಾತ್ರ ಆಡಿದವನನ್ನು ಊರು ವರ್ಷಗಟ್ಟಲೆ ರೇಗಿಸುತ್ತದೆ, ಮುಂದಿನ ವಿಡಿಯೊಗೆ ಯಾರೂ ಬರುವುದಿಲ್ಲ.

ಸಿಸ್ಟರ್, ಹಾವೇರಿ ಕಡೆ

ದಾರದ ವಿಷಯ ಸರಿ. ಉಂಗುರ, ಕಾಲುಂಗುರ, ಬಳೆ ಎಲ್ಲಕ್ಕೂ ಅದೇ. ಆದರೆ ಬಿಚ್ಚುವಾಗ ಕಾಲು ಎಳೆದಾಡಬಾರದು. ಬರದಿದ್ದರೆ ಕುಡುಗೋಲಿನಿಂದ ಕತ್ತರಿಸಲು ಹೋಗಬೇಡಿ, ನೋಡುವವರು ಕಾಲನ್ನೇ ಕುಯ್ಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮತ್ತೆ ಹುಡುಗನನ್ನು ನಡೆಸಿಕೊಂಡು ರಸ್ತೆಗೆ ಕರೆದೊಯ್ಯಬೇಡಿ. ಮಲಗಿಸಿ, ಎತ್ತಿಕೊಂಡೇ ಹೋಗಲಿ.

ಹಿಪ್ಪೆಮರ

ಎರಡು ಹೊಸ ತಲೆನೋವು. ಒಂದು, ಕಚ್ಚಿಸಿಕೊಳ್ಳುವ ಹುಡುಗನ ತಾಯಿ ಒಪ್ಪುತ್ತಿಲ್ಲ. ಸುಮ್ನೆ ಆಟಕ್ಕೂ ಮಗನಿಗೆ ಹಾವು ಕಚ್ಚಿತು ಅನ್ನಬಾರದು ಅಂತ. ಎರಡು, ನಮ್ಮೂರಲ್ಲಿ ಹಾವಿನ ಔಷಧಿ ಕೊಡುವ ಒಬ್ಬ ಯಜಮಾನರಿದ್ದಾರೆ. ವಿಡಿಯೊ ತಮ್ಮ ಮೇಲೇ ಮಾಡುತ್ತಿದ್ದಾರೆ ಅಂತ ಅವರಿಗೆ ಸುದ್ದಿ ಹೋಗಿದೆ.

ಒಬ್ಬ ಸ್ನೇಹಿತ ನಿಜವಾದ ಕೇರೆ ಹಾವು ತರಿಸುತ್ತೇನೆ ಅನ್ನುತ್ತಿದ್ದಾನೆ, ಅದಕ್ಕೂ ಏನಾದರೂ ಹೇಳಿ.

ರಂಗದ ಹಿಂದೆ

ಹಾವು ಬೇಡವೇ ಬೇಡ. ಹಿಡಿಯುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ರಬ್ಬರ್ ಹಾವೂ ಬೇಡ, ಎಲ್ಲರೂ ನಗುತ್ತಾರೆ. ಕಡಲೆಗಿಡ ಅಲ್ಲಾಡಲಿ, ಹುಡುಗ ಕಾಲು ಎಳೆದುಕೊಳ್ಳಲಿ, ಸಾಕು. ಜೊತೆಯವನು ಕೋಲು ಹಿಡಿದು ಹಾವಿನ ಹಿಂದೆ ಓಡುವುದೂ ಬೇಡ, ಹೊತ್ತು ಹಾಳು, ಇನ್ನೊಬ್ಬನಿಗೂ ಕಚ್ಚಬಹುದು.

ತಾಯಿಯ ಮಾತಿಗೆ ವಾದ ಮಾಡಬೇಡಿ. ಅವರ ಒಪ್ಪಿಗೆ ಇಲ್ಲದೆ ತೆಗೆದರೆ ಆ ಹುಡುಗನಿಗೆ ಮುಂದೆ ಜ್ವರ ಬಂದರೂ ಕಾರಣ ನೀವೇ. ಬೇರೆ ದಾರಿ ಇದೆ. ಕಚ್ಚಿಸಿಕೊಂಡವನ ಮುಖ ತೋರಿಸಲೇಬೇಡಿ. ಪಾದ ಮಾತ್ರ, ದನಿ ಮಾತ್ರ. ಪಾದ ಸಂಘದ ಯಾರದ್ದಾದರೂ ಆಗಲಿ. ಅಜ್ಜಿ ಬಗ್ಗಿ ಮಾತಾಡುವಾಗ ಕ್ಯಾಮೆರಾ ಅವನ ಭುಜದ ಹಿಂದೆ ಇರಲಿ. ನಿಜ ಹೇಳಬೇಕೆಂದರೆ ಹಾಗೇ ಚೆನ್ನಾಗಿ ಬರುತ್ತದೆ, ಎಲ್ಲರ ಕಣ್ಣೂ ಅಜ್ಜಿ ಮುಖದ ಮೇಲೇ ಇರುತ್ತದೆ. ವಿಡಿಯೊ ಮೇಲೆ "ಇದು ಅಭಿನಯ" ಅಂತ ಶುರುವಿನಿಂದ ಕೊನೆವರೆಗೂ ಇರಲಿ. ವಾಟ್ಸಾಪ್‌ನಲ್ಲಿ ಯಾರೋ ಅರ್ಧ ಕತ್ತರಿಸಿ ಕಳಿಸಿದರೆ ಊರಲ್ಲಿ ನಿಜವಾಗಿ ಆಗಿದೆ ಅಂತ ಸುದ್ದಿ ಹಬ್ಬುತ್ತದೆ.

ಯಜಮಾನರನ್ನು ವಿಡಿಯೊಗೇ ಕರೆಯಿರಿ. ಫೋನಿನವನು ಅವರ ಮನೆ ಕಡೆ ಓಡಲಿ, ಅವರು ಬಾಗಿಲಲ್ಲೇ ನಿಂತು "ಇಲ್ಲಿಗ್ ಯಾಕ್ ಬಂದೆ, ಮೊದ್ಲು ಆಸ್ಪತ್ರೆಗ್ ಹೊರಡು" ಅನ್ನಲಿ. ಆ ಒಂದು ಮಾತು ಅವರ ಬಾಯಿಂದ ಬಂದರೆ ಡಾಕ್ಟರ್ ಹತ್ತು ಸಲ ಹೇಳಿದ್ದಕ್ಕಿಂತ ಜಾಸ್ತಿ ಮುಟ್ಟುತ್ತದೆ.

ಸಿಸ್ಟರ್, ಹಾವೇರಿ ಕಡೆ

ಇದನ್ನು ನಾನು ಒಪ್ಪುವುದಿಲ್ಲ. ಅವರನ್ನು ತೋರಿಸಿದರೆ ಮೊದಲು ಅವರ ಮನೆಗೇ ಹೋಗಬೇಕು ಅಂತ ಕಲಿಸಿದ ಹಾಗೆ. ವಿಡಿಯೊದಲ್ಲಿ ಓಡುವವನು ಅಲ್ಲಿಗೆ ಹೋದನಲ್ಲ! ಅಷ್ಟು ಹೊತ್ತು ಹೋಯಿತಲ್ಲ. ವಿಷಕ್ಕೆ ಔಷಧಿ ಇರುವುದು ಆಸ್ಪತ್ರೆಯ ಇಂಜೆಕ್ಷನ್ ಒಂದೇ.

ನಾಟಕದ ಮೇಷ್ಟ್ರು

ಅವರೇ ಹೊಲಕ್ಕೆ ಬಂದು ಎತ್ತಲು ಕೈ ಜೋಡಿಸಿದರೆ? ಮಾತೇ ಬೇಡ. ಅವರು ಒಂದು ಕಡೆ ಹಿಡಿದರೆ ಊರಿಗೆ ಅರ್ಥ ಆಗುತ್ತದೆ.

ಸಿಸ್ಟರ್, ಹಾವೇರಿ ಕಡೆ

ಅದಾದರೆ ಪರವಾಗಿಲ್ಲ ಮೇಷ್ಟ್ರೇ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಮುಂದೆ ಯಾರಾದರೂ ಅವರ ಹತ್ತಿರ ಹೋದಾಗ ಕಳಿಸುತ್ತಾರೋ, ಬೇರು ಅರೆಯುತ್ತಾರೋ ಯಾರಿಗೆ ಗೊತ್ತು.

ರಂಗದ ಹಿಂದೆ

ಸಿಸ್ಟರ್ ಹೇಳುವ ಭಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅದು ಆ ಯಜಮಾನರು ಎಂಥವರು ಅನ್ನುವುದರ ಮೇಲೆ ನಿಂತಿದೆ, ಹಿಪ್ಪೆಮರ ಅವರೇ ನೋಡಿ ತೀರ್ಮಾನ ಮಾಡಲಿ. ಮೇಷ್ಟ್ರ ದಾರಿ ನನ್ನದಕ್ಕಿಂತ ಚೆನ್ನಾಗಿದೆ.

ಹಂಚುವ ಮೊದಲು ಒಂದು ಪರೀಕ್ಷೆ ಮಾಡಿ. ವಿಡಿಯೊ ತೋರಿಸದೆ ಆಡಿಯೊ ಮಾತ್ರ, ಫೋನಿನ ಸ್ಪೀಕರ್‌ನಲ್ಲೇ, ಶೂಟಿಂಗ್‌ಗೆ ಬರದ ಯಾರಿಗಾದರೂ ಕೇಳಿಸಿ. ಡೇರಿಗೆ ಹಾಲು ಹಾಕಲು ಬಂದವರು ಸಾಕು. "ಚೆನ್ನಾಗಿದೆಯಾ?" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಹಾವು ಕಚ್ಚಿದ್ರೆ ಏನು ಮಾಡು ಅಂದ್ರು?" ಅಂತ ಕೇಳಿ. ಆಮೇಲೆ ದನಿ ಇಲ್ಲದೆ ವಿಡಿಯೊ ಮಾತ್ರ ಇನ್ನೊಬ್ಬರಿಗೆ ತೋರಿಸಿ ಅದೇ ಕೇಳಿ. ಎರಡರಲ್ಲಿ ಯಾವುದರಲ್ಲಾದರೂ "ಏನೋ ಕಟ್ಟಬೇಕಂತೆ" ಅಂತ ಬಂದರೆ ಆ ಒಂದು ಶಾಟ್ ಮತ್ತೆ ತೆಗೆಯಿರಿ, ಇಡೀ ವಿಡಿಯೊ ಬೇಡ.

ಹಿಪ್ಪೆಮರ

ಪಾದಕ್ಕೆ ಸಂಘದ ಒಬ್ಬ ಒಪ್ಪಿದ್ದಾನೆ. ಹುಡುಗನ ತಾಯಿಗೂ ಸಮಾಧಾನ ಆಯಿತು. ಈಗ ಅವರೇ ಫೋನ್ ಮಾಡುವ ಪಾತ್ರ ಕೇಳುತ್ತಿದ್ದಾರೆ! ಯಜಮಾನರನ್ನು ನಾಳೆ ಮಾತಾಡಿಸುತ್ತೇವೆ. ಬೆಳಗ್ಗೆ ಬಿಸಿಲು ಏರುವ ಮೊದಲು ಶೂಟಿಂಗ್, ಆಮೇಲೆ ಎಲ್ಲರಿಗೂ ಕೆಲಸ ಇದೆ.

ಬೆಂಗ್ಳೂರ್ ಎಡಿಟರ್ ಅಣ್ಣ, ಪಕ್ಕದ ತೋಟದ ಪಂಪ್‌ಸೆಟ್ ಸದ್ದು ತೆಗೆಯಲು ಆಗುತ್ತದಾ? ಕರೆಂಟ್ ಬರುವುದೇ ಆ ಹೊತ್ತಿಗೆ.

ಬೆಂಗ್ಳೂರ್ ಎಡಿಟರ್

ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ಹೋಗಲ್ಲ. ತೋಟದವರನ್ನು ಕೇಳಿ ಗಟ್ಟಿ ಮಾತು ತೆಗೆಯುವಷ್ಟು ಹೊತ್ತು ಆಫ್ ಮಾಡಿಸಿ. ಮೋಟರ್ ಸದ್ದು ಒಂದು ಶಾಟ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಜೋಡಿಸುವಾಗ ಗೊತ್ತಾಗುತ್ತದೆ, ಹಾಗಾಗಿ ಯಾರೂ ಮಾತಾಡದೆ ಬರೀ ಹೊಲದ ಸದ್ದು ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಅದನ್ನು ಕೆಳಗೆ ಹಾಸುತ್ತೇನೆ.